ನಿಮಗಿದು ಗೊತ್ತೇ? ಅವಳಿ ಕೂಸುಗಳಿಗೆ ಒಂದೇ ಗಡಿಯಾರ

ಅವಳಿ ಮಕ್ಕಳು ಹುಟ್ಟಿದ ಮನೆಯಲ್ಲಿ ಮೊದಲ ಎರಡು ತಿಂಗಳು ಎಲ್ಲವೂ ಗಡಿಯಾರದ ಲೆಕ್ಕ. ನನ್ನ ತಂಗಿಯ ಬಾಣಂತನ ಹಾಸನದ ನಮ್ಮ ಮನೆಯಲ್ಲಿ ನಡೆದಾಗ ಆ ಲೆಕ್ಕವನ್ನು ನಾನು ದಿನದಿನವೂ ನೋಡಿದೆ. 36 ವಾರಕ್ಕೆ ಸಿಸೇರಿಯನ್ ಆಗಿತ್ತು. ಎರಡೂ ಹೆಣ್ಣು. ಒಂದು 2,300 ಗ್ರಾಂ, ಇನ್ನೊಂದು 1,900 ಗ್ರಾಂ. ನಾಮಕರಣ ಆಗುವವರೆಗೆ ಮನೆಯವರ ಬಾಯಲ್ಲಿ ಅವರು ದೊಡ್ಡವಳು, ಚಿಕ್ಕವಳು. ಆ ಎರಡು ತಿಂಗಳಲ್ಲಿ ವೈದ್ಯರು, ಸಿಸ್ಟರ್‌ಗಳು, ಆಶಾ ಕಾರ್ಯಕರ್ತೆ ಹೇಳಿಕೊಟ್ಟಿದ್ದು, ನಾವು ಓದಿ ತಿಳಿದಿದ್ದು, ಮಾಡಿ ಕಲಿತಿದ್ದು ಇಲ್ಲಿದೆ. ನಿಮಗಿದು ಗೊತ್ತೇ?

1. ಸರದಿಯಲ್ಲಿ ಹಾಲೂಡಿಸಿದರೆ ದಿನಕ್ಕೆ ಹತ್ತೂವರೆ ಗಂಟೆಗೂ ಹೆಚ್ಚು ಬೇಕು

ಹಸುಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಕಡಿಮೆಯೆಂದು 8 ಸಲವನ್ನೇ ಹಿಡಿಯೋಣ. ಒಂದು ಮಗುವಿನ ಲಂಗೋಟಿ ಬದಲಿಸಲು 5 ನಿಮಿಷ, ಹಾಲಿಗೆ 25 ನಿಮಿಷ, ತೇಗಿಸಿ ಮಲಗಿಸಲು 10 ನಿಮಿಷ, ಒಟ್ಟು 40. ಎರಡು ಮಗುವಿಗೆ ದಿನಕ್ಕೆ 16 ಸಲ ಹೀಗೆ ಮಾಡಿದರೆ 640 ನಿಮಿಷ, ಅಂದರೆ 10 ಗಂಟೆ 40 ನಿಮಿಷ. ಇಬ್ಬರಿಗೂ ಒಟ್ಟಿಗೆ ಹಾಲೂಡಿಸಿ, ಲಂಗೋಟಿ ಮತ್ತು ತೇಗಿಸುವ ಕೆಲಸಕ್ಕೆ ಇನ್ನೊಬ್ಬರು ನಿಂತರೆ ಒಂದು ಸುತ್ತು 50 ನಿಮಿಷದಲ್ಲಿ ಮುಗಿಯುತ್ತದೆ. ಎಂಟು ಸುತ್ತಿಗೆ 6 ಗಂಟೆ 40 ನಿಮಿಷ. ತಾಯಿಗೆ ದಿನಕ್ಕೆ ನಾಲ್ಕು ಗಂಟೆ ಉಳಿಯಿತು.

ಅದಕ್ಕಿಂತ ದೊಡ್ಡ ಲಾಭವೆಂದರೆ ಆ ನಾಲ್ಕು ಗಂಟೆ ಚೂರುಚೂರಾಗಿ ಸಿಗುವುದಿಲ್ಲ. ಮಕ್ಕಳ ಹೊತ್ತು ಬೇರೆ ಬೇರೆಯಾದರೆ ಒಬ್ಬಳು ಮಲಗುವಾಗ ಇನ್ನೊಬ್ಬಳು ಏಳುತ್ತಾಳೆ, ತಾಯಿಗೆ ಒಂದು ಗಂಟೆಯ ನಿದ್ದೆಯೂ ಕೂಡುವುದಿಲ್ಲ. ಹೊತ್ತು ಒಂದಾದರೆ ಎರಡು ಸುತ್ತುಗಳ ನಡುವೆ ಎರಡು ಗಂಟೆ ಹತ್ತು ನಿಮಿಷ ಒಂದೇ ಗುಂಪಾಗಿ ಸಿಗುತ್ತದೆ.

2. ಒಬ್ಬಳು ಎದ್ದರೆ ಇಬ್ಬರನ್ನೂ ಏಳಿಸಬೇಕು

"ಮಲಗಿದ ಮಗೂನ ಎಬ್ಬಿಸಬಾರದು ಕಣೇ" ಎಂದು ಅಮ್ಮ ಮೊದಲ ದಿನವೇ ತಂಗಿಗೆ ಹೇಳಿದರು. ಮೂರು ಮಕ್ಕಳನ್ನು ಬೆಳೆಸಿದ ಮಾತು ಅದು. ಆಸ್ಪತ್ರೆಯ ಸಿಸ್ಟರ್ ಮೆಲ್ಲಗೆ ತಿದ್ದಿದರು: "ಅಮ್ಮಾ, ದೊಡ್ಡ ಮಗುವಿಗೆ ಆ ಮಾತು ಸರಿ. ಇದು ಚಿಕ್ಕದು, ಹಸಿವಾದರೂ ಅಳಲ್ಲ. ನಾವೇ ಎಬ್ಬಿಸಬೇಕು." ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತಾರೆ. ಅಂಥ ಕೂಸಿಗೆ ಅಳುವಷ್ಟು ತ್ರಾಣವೂ ಕೆಲವೊಮ್ಮೆ ಇರುವುದಿಲ್ಲ. ಹಸಿದು ಬಳಲಿ ಹಾಗೇ ನಿದ್ದೆ ಹೋಗುತ್ತದೆ.

ನಿಯಮ ಸರಳ. ಯಾರು ಮೊದಲು ಏಳುತ್ತಾರೋ ಅವರ ಹೊತ್ತೇ ಇಬ್ಬರದೂ. ಹದಿನೈದು ನಿಮಿಷದೊಳಗೆ ಇನ್ನೊಬ್ಬರನ್ನು ಎಬ್ಬಿಸಬೇಕು. ಹೊದಿಕೆ ಬಿಚ್ಚುವುದು, ಲಂಗೋಟಿ ಬದಲಿಸುವುದು, ಅಂಗಾಲು ಸವರುವುದು, ಇಷ್ಟು ಸಾಕು. ಯಾರೂ ಏಳದಿದ್ದರೆ ಹಿಂದಿನ ಸುತ್ತು ಶುರುವಾದ ಹೊತ್ತಿನಿಂದ ಮೂರು ಗಂಟೆಗೆ ಇಬ್ಬರನ್ನೂ ಎಬ್ಬಿಸುವುದು. ಎಣಿಕೆ ಶುರುವಿನಿಂದ ಶುರುವಿಗೆ, ಮುಗಿದ ಹೊತ್ತಿನಿಂದಲ್ಲ. ಹುಟ್ಟಿದ ತೂಕ ಮರಳಿ ಬಂದು, ವೈದ್ಯರು ಸಾಕು ಎನ್ನುವವರೆಗೆ ಈ ಎಬ್ಬಿಸುವಿಕೆ ರಾತ್ರಿಯೂ ತಪ್ಪಬಾರದು.

ಇದಕ್ಕೊಂದು ಮಿತಿಯಿದೆ. ಗಡಿಯಾರ ನೋಡಿ ಮಗುವನ್ನು ಎಬ್ಬಿಸಬಹುದು, ಗಡಿಯಾರ ನೋಡಿ ಹಸಿದ ಮಗುವನ್ನು ಕಾಯಿಸಬಾರದು. ಸಂಜೆ ಹೊತ್ತು ಕೂಸುಗಳು ಗಂಟೆಗೊಮ್ಮೆ ಹಾಲು ಕೇಳುವುದುಂಟು. ಆಗ ಕೊಡಬೇಕು, ಲೆಕ್ಕ ರಾತ್ರಿಗೆ ತಾನೇ ಸರಿಹೋಗುತ್ತದೆ.

3. ಹಾಲು ಇಳಿಯುವುದು ಎರಡೂ ಎದೆಗೆ ಒಟ್ಟಿಗೆ, ಹಾಲು ತುಂಬುವುದು ಒಂದೊಂದಕ್ಕೆ ಬೇರೆ ಬೇರೆ

ಮಗು ಚೀಪಿದಾಗ ತಾಯಿಯ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಡುತ್ತದೆ. ಅದು ರಕ್ತದಲ್ಲಿ ಹರಿಯುವುದರಿಂದ ಎರಡೂ ಎದೆಯಲ್ಲಿ ಹಾಲು ಒಮ್ಮೆಗೇ ಇಳಿಯುತ್ತದೆ. ಒಂದು ಕಡೆ ಕುಡಿಸುವಾಗ ಇನ್ನೊಂದು ಕಡೆ ರವಿಕೆ ಒದ್ದೆಯಾಗುವುದು ಇದೇ ಕಾರಣಕ್ಕೆ. ಅವಳಿ ಮಕ್ಕಳಿಗೆ ಇದರಿಂದ ಒಂದು ಉಪಕಾರವಿದೆ. ಜೋರಾಗಿ ಚೀಪುವ ದೊಡ್ಡವಳು ಹಾಲು ಇಳಿಸಿಕೊಟ್ಟರೆ, ಬಲವಿಲ್ಲದ ಚಿಕ್ಕವಳಿಗೆ ಆ ಕಡೆ ಹೆಚ್ಚು ಶ್ರಮವಿಲ್ಲದೆ ಬಾಯಿಗೆ ಬರುತ್ತದೆ.

ಆದರೆ ಹಾಲಿನ ಉತ್ಪತ್ತಿ ಹಾಗಲ್ಲ. ಯಾವ ಎದೆ ಖಾಲಿಯಾಗುತ್ತದೋ ಅದೇ ಹೆಚ್ಚು ಮಾಡುತ್ತದೆ. ಹಾಲು ಉಳಿದ ಎದೆ ನಿಧಾನವಾಗುತ್ತದೆ. ಚಿಕ್ಕವಳಿಗೆ ಯಾವಾಗಲೂ ಬಲಗಡೆಯೇ ಎಂದು ಇಟ್ಟರೆ ಎರಡು ವಾರದಲ್ಲಿ ಬಲಗಡೆ ಹಾಲು ಕುಗ್ಗುತ್ತದೆ, ಚಿಕ್ಕವಳಿಗೆ ಇನ್ನೂ ಕೊರತೆ. ಅದಕ್ಕೆ ಬದಿ ಬದಲಿಸಬೇಕು. ನಾವು ದಿನಕ್ಕೊಮ್ಮೆ ಬದಲಿಸುತ್ತಿದ್ದೆವು. ಬೆಳಗಿನ ಮೊದಲ ಸುತ್ತಿನಿಂದ ದೊಡ್ಡವಳು ಎಡಕ್ಕೆ ಬಂದರೆ ಮರುದಿನ ಬೆಳಗಿನವರೆಗೆ ಎಡವೇ. ಪ್ರತಿ ಸುತ್ತಿಗೂ ಬದಲಿಸುತ್ತೇವೆಂದರೆ ನಡುರಾತ್ರಿಯಲ್ಲಿ ಯಾರಿಗೂ ನೆನಪಿರುವುದಿಲ್ಲ.

"ಇಬ್ಬರಿಗೆ ಹಾಲು ಸಾಲುತ್ತದಾ" ಎಂಬ ಪ್ರಶ್ನೆಯನ್ನು ಬಂದವರೆಲ್ಲ ಕೇಳುತ್ತಿದ್ದರು. ಒಂದು ಮಗುವಿನ ತಾಯಿಗೆ ದಿನಕ್ಕೆ ಸುಮಾರು 750ರಿಂದ 800 ಮಿ.ಲೀ. ಹಾಲು ಬರುತ್ತದೆ. 1986ರಲ್ಲಿ ಆಸ್ಟ್ರೇಲಿಯಾದಲ್ಲಿ ಅವಳಿ ಮಕ್ಕಳ ತಾಯಂದಿರ ಹಾಲನ್ನು ಅಳೆದಾಗ ಕೆಲವರಲ್ಲಿ ದಿನಕ್ಕೆ ಎರಡು ಕಿಲೋಗಿಂತ ಹೆಚ್ಚು ಕಂಡಿತು. ಎರಡು ಬಾಯಿ ಎಳೆದರೆ ಎರಡು ಬಾಯಿಗೆ ಆಗುವಷ್ಟು ಹಾಲು ಮಾಡುವ ಶಕ್ತಿ ಬಹುಪಾಲು ತಾಯಂದಿರ ದೇಹಕ್ಕಿದೆ. ಎಳೆಯದಿದ್ದರೆ ಮಾತ್ರ ಆಗುವುದಿಲ್ಲ.

4. ಮೊದಲ ಎರಡು ವಾರ ಒಬ್ಬೊಬ್ಬರಿಗೇ, ಆಮೇಲೆ ಇಬ್ಬರಿಗೂ

ಒಟ್ಟಿಗೆ ಹಾಲೂಡಿಸುವುದು ಒಳ್ಳೆಯದೆಂದು ಮೊದಲ ದಿನದಿಂದಲೇ ಹಟ ಹಿಡಿದರೆ ಕೆಡುತ್ತದೆ. ಕೂಸು ಬಾಯಗಲಿಸಿ, ತೊಟ್ಟಿನ ಜೊತೆಗೆ ಸುತ್ತಲ ಕಪ್ಪು ಭಾಗವನ್ನೂ ಬಾಯೊಳಗೆ ತುಂಬಿಕೊಳ್ಳಲು ಕಲಿಯಬೇಕು. ಅದನ್ನು ಕಲಿಸಲು ತಾಯಿಗೆ ಎರಡೂ ಕೈ ಬೇಕು. ಬರೀ ತೊಟ್ಟನ್ನು ಚೀಪಿದರೆ ತೊಟ್ಟು ಒಡೆಯುತ್ತದೆ, ಹಾಲೂ ಬರುವುದಿಲ್ಲ. ಆದ್ದರಿಂದ ಮೊದಲ ಎರಡು ವಾರ ಒಬ್ಬಳಿಗೆ ಮುಗಿದ ಕೂಡಲೇ ಇನ್ನೊಬ್ಬಳಿಗೆ. ಹೊತ್ತು ಒಂದೇ, ಕೆಲಸ ಹಿಂದುಮುಂದು.

ಮೂರನೇ ವಾರ ನಾವು ಕಂಕುಳ ಹಿಡಿತಕ್ಕೆ ಬಂದೆವು. ತಂಗಿ ಮಂಚದ ಮೇಲೆ ಗೋಡೆಗೆ ಒರಗಿ ಕೂರುತ್ತಿದ್ದಳು. ಎರಡೂ ಬದಿಗೆ ಗಟ್ಟಿ ದಿಂಬು, ಅದರ ಮೇಲೆ ಮಡಿಸಿದ ಜಮಖಾನೆ. ಕೂಸಿನ ಕಾಲು ತಾಯಿಯ ಕಂಕುಳಡಿ ಹಿಂದಕ್ಕೆ ಚಾಚಿರುತ್ತದೆ, ತಲೆಯ ಬುಡ ಅವಳ ಅಂಗೈಯಲ್ಲಿ, ಮುಖ ಎದೆಗೆ. ಸಿಸೇರಿಯನ್ ಗಾಯದ ಮೇಲೆ ಭಾರವೇ ಬೀಳುವುದಿಲ್ಲ, ಅದೇ ಈ ಹಿಡಿತದ ಹೆಚ್ಚುಗಾರಿಕೆ. ಕಷ್ಟಪಡುವ ಚಿಕ್ಕವಳನ್ನು ಮೊದಲು ಎರಡೂ ಕೈಯಿಂದ ಕುಡಿಯಲು ಹಚ್ಚಿ, ಅವಳು ನೆಲೆಯಾದ ಮೇಲೆ ದೊಡ್ಡವಳನ್ನು ಇನ್ನೊಬ್ಬರು ಎತ್ತಿ ಕೊಡಬೇಕು. ಎದೆಗೆ ಮಗುವನ್ನು ತರಬೇಕೇ ಹೊರತು ಮಗುವಿನತ್ತ ಬಗ್ಗಬಾರದು. ಬಗ್ಗಿದರೆ ನಾಲ್ಕು ದಿನದಲ್ಲಿ ಬೆನ್ನು ಹಿಡಿಯುತ್ತದೆ.

ತಪ್ಪಿದ್ದು ಗೊತ್ತಾಗುವುದು ಹೇಗೆ? ಚೀಪುವಾಗ ಚಪ್‌ಚಪ್ ಸದ್ದು ಬಂದರೆ, ಕೆನ್ನೆ ಒಳಕ್ಕೆ ಕುಳಿಬಿದ್ದರೆ, ತಾಯಿಗೆ ನೋವು ನಿಲ್ಲದೆ ಇದ್ದರೆ ಹಿಡಿತ ಸರಿಯಿಲ್ಲ. ಕಿರುಬೆರಳನ್ನು ಮಗುವಿನ ಬಾಯಂಚಿಗೆ ತೂರಿಸಿ ಬಿಡಿಸಿ, ಮತ್ತೆ ಹಚ್ಚಬೇಕು. ಸರಿಯಿದ್ದರೆ ಗುಟುಕು ನುಂಗುವುದು ಕೇಳುತ್ತದೆ.

5. ಹೊಟ್ಟೆ ತುಂಬಿತೇ ಎಂಬುದನ್ನು ಲಂಗೋಟಿ ಹೇಳುತ್ತದೆ

ಮೊದಲ ದಿನ ಕೂಸಿಗೆ ಒಂದು ಸಲಕ್ಕೆ ಬೇಕಾದ ಹಾಲು ಒಂದು ಟೀ ಚಮಚದಷ್ಟು. ಹಳದಿ ಗಟ್ಟಿ ಹಾಲು ಅಷ್ಟೇ ಬರುತ್ತದೆ, ಅಷ್ಟೇ ಸಾಕು. ಮೊದಲ ದಿನ ಒಂದು ಒದ್ದೆ ಲಂಗೋಟಿ, ಎರಡನೇ ದಿನ ಎರಡು, ಹೀಗೆ ಏರಿ ಐದಾರನೇ ದಿನದಿಂದ ದಿನಕ್ಕೆ ಆರಾದರೂ ಆಗಬೇಕು. ಕಪ್ಪು ಕಕ್ಕ ಹಸಿರಾಗಿ, ಐದನೇ ದಿನದ ಹೊತ್ತಿಗೆ ಹಳದಿಯಾಗಬೇಕು. ಇದನ್ನು ಇಬ್ಬರಿಗೂ ಬೇರೆ ಬೇರೆ ಎಣಿಸಬೇಕು. ಬುಟ್ಟಿಯಲ್ಲಿ ಹನ್ನೆರಡು ಒದ್ದೆ ಲಂಗೋಟಿ ಇದ್ದರೆ ದೊಡ್ಡವಳದ್ದು ಒಂಬತ್ತು, ಚಿಕ್ಕವಳದ್ದು ಮೂರು ಇರಬಹುದು. ಅವಳಿ ಮಕ್ಕಳ ಮನೆಯಲ್ಲಿ ಕೊರತೆ ಅಡಗುವುದೇ ಈ ಮೊತ್ತದಲ್ಲಿ.

ಹುಟ್ಟಿದ ಮೇಲೆ ತೂಕ ಸ್ವಲ್ಪ ಇಳಿಯುವುದು ಸಹಜ. ನೂರಕ್ಕೆ ಹತ್ತರಷ್ಟು ದಾಟಬಾರದು, ಎರಡು ವಾರದೊಳಗೆ ಮರಳಿ ಬರಬೇಕು. ಚಿಕ್ಕವಳು ನಾಲ್ಕನೇ ದಿನ 1,760 ಗ್ರಾಂಗೆ ಇಳಿದಳು, ಅಂದರೆ ನೂರಕ್ಕೆ ಏಳಕ್ಕಿಂತ ಸ್ವಲ್ಪ ಹೆಚ್ಚು. ಗಡಿ ದಾಟಿರಲಿಲ್ಲ, ಆದರೂ ವೈದ್ಯರು ಪ್ರತಿ ಸುತ್ತಿನ ಕೊನೆಗೆ 15 ಮಿ.ಲೀ. ಹಿಂಡಿದ ಹಾಲನ್ನು ಮೇಲುಣಿಸಾಗಿ ಕೊಡಿ ಎಂದರು. ಹನ್ನೆರಡನೇ ದಿನ 1,910. ಅಲ್ಲಿಂದ ದಿನಕ್ಕೆ ಸರಾಸರಿ 25 ಗ್ರಾಂನಂತೆ ಏರಿದಳು.

6. ಅಜ್ಜಿಯ ಒಳಲೆಯೇ ಇಂದಿನ ವಾರ್ಡಿನ ಪಾಲಡೈ

ಹಿಂಡಿದ ಹಾಲನ್ನು ಬಾಟಲಿಯಲ್ಲಿ ಕೊಡಬೇಕಿಲ್ಲ. ನವಜಾತ ಶಿಶುಗಳ ವಾರ್ಡಿನಲ್ಲಿ ಸಿಸ್ಟರ್ ಕೊಟ್ಟ ಪಾಲಡೈ ನೋಡಿ ಅಮ್ಮನಿಗೆ ಆಶ್ಚರ್ಯ. "ಇದು ನಮ್ಮ ಒಳಲೆ ಅಲ್ವೇನೇ!" ಎಂದು ಅಟ್ಟದಿಂದ ಹಳೆಯ ಬೆಳ್ಳಿ ಒಳಲೆ ಇಳಿಸಿದರು. ಉದ್ದ ಮೂತಿಯ ಈ ಪುಟ್ಟ ಬಟ್ಟಲನ್ನು ದಿನಾ ಕುದಿಸಿ ತೊಳೆಯುವುದು ಸುಲಭ. ಬಾಟಲಿಯ ನಿಪ್ಪಲ್ಲಿನ ಸಂದಿಯಂತೆ ಇದರಲ್ಲಿ ಕೊಳೆ ಕೂರುವುದಿಲ್ಲ. ಮಗುವಿಗೆ ಎರಡು ಬಗೆಯ ತೊಟ್ಟಿನ ಗೊಂದಲವೂ ಇಲ್ಲ.

ಕೊಡುವ ಕ್ರಮ ಮುಖ್ಯ. ಮಗು ಎಚ್ಚರವಿರಬೇಕು, ತಲೆ ಎತ್ತರದಲ್ಲಿರಬೇಕು. ಒಳಲೆಯ ಮೂತಿಯನ್ನು ಬಾಯಿಯ ಮೂಲೆಗೆ ತಾಗಿಸಿ ತೊಟ್ಟುತೊಟ್ಟಾಗಿ ಬಿಟ್ಟು, ನುಂಗಿದ ಮೇಲೆ ಮತ್ತೆ ಬಿಡಬೇಕು. ಮೂಗು ಹಿಡಿದು ಗಂಟಲಿಗೆ ಸುರಿಯುವ ಹಳೆಯ ಅಭ್ಯಾಸದಿಂದ ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಅದು ಬೇಡವೇ ಬೇಡ. ಹಿಂಡಿದ ಹಾಲು ಹೊರಗಡೆ ತಂಪಾದ ಜಾಗದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 24 ಗಂಟೆ ಇಡಬಹುದು. ಒಲೆಯ ಮೇಲೆ ಕಾಯಿಸದೆ, ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು. ಕುಡಿದು ಉಳಿದದ್ದನ್ನು ಮುಂದಿನ ಸುತ್ತಿಗೆ ಇಡಬಾರದು.

ಇನ್ನೊಂದು ಸಂಗತಿ: ಶಿಶು ಹಾಲಿನ ಪುಡಿ ಮತ್ತು ಹಾಲಿನ ಬಾಟಲಿಯ ಜಾಹೀರಾತನ್ನೇ ನಿಷೇಧಿಸುವ ಕಾನೂನು ನಮ್ಮ ದೇಶದಲ್ಲಿ 1992ರಿಂದ ಇದೆ. ವೈದ್ಯರು ಬೇಕೆಂದಾಗ ಪುಡಿಹಾಲು ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಡಬ್ಬಿಯ ಮೇಲಿನ ಅಳತೆಗಿಂತ ನೀರು ಹೆಚ್ಚಿಸಿ ಇಬ್ಬರಿಗೆ ಹಂಚುವುದು ಅಪಾಯ. ಜೇನು, ಸಕ್ಕರೆ ನೀರು, ಬಜೆ ಯಾವುದೂ ಬೇಡ, ಆರು ತಿಂಗಳವರೆಗೆ ಬರೀ ನೀರೂ ಬೇಡ.

7. ಅಪ್ಪನ ಎದೆಯೂ ಇನ್‌ಕ್ಯುಬೇಟರ್

1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ ವೈದ್ಯ ಎಡ್ಗರ್ ರೇ ಸನಾಬ್ರಿಯಾ ಕಡಿಮೆ ತೂಕದ ಕೂಸುಗಳನ್ನು ತಾಯಿಯ ಎದೆಗೇ ಕಟ್ಟಿಸಿದರು. ಕಾಂಗರೂ ಆರೈಕೆ ಶುರುವಾಗಿದ್ದು ಹಾಗೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಲಾಗಿದೆ. ಲಂಗೋಟಿ, ಟೋಪಿ, ಕಾಲುಚೀಲ ಮಾತ್ರ ಹಾಕಿದ ಕೂಸನ್ನು ಬರೀ ಎದೆಯ ಮೇಲೆ ನೇರವಾಗಿ, ಕಪ್ಪೆಯಂತೆ ಕಾಲು ಮಡಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಮೂಗು ಕಾಣುವಂತೆ ಕಟ್ಟಿಕೊಳ್ಳಬೇಕು.

ಅವಳಿ ಮನೆಗೆ ಇದರ ಬೆಲೆ ಎರಡು ಪಟ್ಟು, ಏಕೆಂದರೆ ಇದನ್ನು ಅಪ್ಪನೂ ಮಾಡಬಹುದು, ಅಜ್ಜಿಯೂ ಮಾಡಬಹುದು. ತಂಗಿಯ ಗಂಡ ಕೇಂದ್ರ ಸರ್ಕಾರದ ನೌಕರ. ಅವರಿಗೆ ಸಿಗುವ 15 ದಿನದ ಪಿತೃತ್ವ ರಜೆಯನ್ನು ಹೆರಿಗೆಯ ದಿನವೇ ಶುರುಮಾಡಬೇಕೆಂದಿಲ್ಲ, ಆರು ತಿಂಗಳೊಳಗೆ ತೆಗೆದುಕೊಳ್ಳಬಹುದು. ಆಸ್ಪತ್ರೆಯಲ್ಲಿ ನಾವೆಲ್ಲ ಇದ್ದೆವು. ಅವರು ರಜೆ ಹಾಕಿದ್ದು ಮಕ್ಕಳು ಮನೆಗೆ ಬಂದ ದಿನದಿಂದ. ಊಟವಾದ ಮೇಲೆ ಅಂಗಿ ಕಳಚಿ ಚಿಕ್ಕವಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಲ್ಲಿ ಒರಗಿದರೆ ಎರಡು ಗಂಟೆ ಅಲುಗುತ್ತಿರಲಿಲ್ಲ. ಕಣ್ಣು ಎಳೆದಾಗ ಮಾತ್ರ ಅಮ್ಮನನ್ನು ಕೂಗಿ ಮಗುವನ್ನು ಕೊಟ್ಟುಬಿಡುತ್ತಿದ್ದರು. ಕುರ್ಚಿ, ಸೋಫಾದಲ್ಲಿ ಮಗುವನ್ನು ಹಿಡಿದು ದೊಡ್ಡವರು ನಿದ್ದೆ ಹೋಗುವುದು ತುಂಬ ಅಪಾಯ.

8. ಹೊಟ್ಟೆಯಲ್ಲಿ ಜೊತೆಗಿದ್ದರೂ ತೊಟ್ಟಿಲು ಬೇರೆ

ಒಂಬತ್ತು ತಿಂಗಳು ಒಟ್ಟಿಗಿದ್ದವರು ಒಟ್ಟಿಗೇ ಮಲಗಲಿ ಎಂಬುದು ಮುದ್ದಾದ ಆಸೆ. ಆದರೆ ಒಬ್ಬಳ ಕೈ ಇನ್ನೊಬ್ಬಳ ಮುಖದ ಮೇಲೆ ಬೀಳಬಹುದು, ಒಬ್ಬಳ ಹೊದಿಕೆ ಇನ್ನೊಬ್ಬಳ ಮೂಗು ಮುಚ್ಚಬಹುದು. ಕೋಣೆ ಒಂದೇ ಇರಲಿ, ಹಾಸಿಗೆ ಎರಡಿರಲಿ. ಅಂಗಾತ ಮಲಗಿಸಬೇಕು, ಹಾಸಿಗೆ ಗಟ್ಟಿಯಾಗಿ ಸಮವಾಗಿರಬೇಕು. ಸಾಸಿವೆ ದಿಂಬು, ಬೊಂಬೆ, ದಪ್ಪ ರಗ್ಗು ಹತ್ತಿರ ಇರಬಾರದು. ಸೀರೆಯ ಜೋಲಿಯಲ್ಲಿ ಪುಟ್ಟ ಕೂಸಿನ ಗದ್ದ ಎದೆಗೆ ಒತ್ತಿ ಉಸಿರಿಗೆ ಕಷ್ಟವಾಗಬಹುದು, ಆದ್ದರಿಂದ ರಾತ್ರಿಯ ನಿದ್ದೆಗೆ ಅದು ಬೇಡ. ನಾಮಕರಣದ ದಿನ ಇಬ್ಬರನ್ನೂ ಒಂದೇ ತೊಟ್ಟಿಲಿಗೆ ಹಾಕಿ ಜೋಗುಳ ಹಾಡಿದೆವು. ಹಾಡು ಮುಗಿದ ಮೇಲೆ ಅವರವರ ಹಾಸಿಗೆಗೆ.

ಇನ್ನೊಂದು ಅನುಭವ. ಒಬ್ಬಳ ಅಳು ಇನ್ನೊಬ್ಬಳನ್ನು ಎಬ್ಬಿಸುತ್ತದೆಂದು ನಾವು ಹೆದರಿದಷ್ಟು ಆಗಲಿಲ್ಲ. ಎಷ್ಟೋ ಸಲ ದೊಡ್ಡವಳ ಚೀರಾಟದ ಪಕ್ಕದಲ್ಲೇ ಚಿಕ್ಕವಳು ನೆಮ್ಮದಿಯಾಗಿ ಮಲಗಿರುತ್ತಿದ್ದಳು. ಅದಕ್ಕೆ ಮೊದಲು ಸಮಾಧಾನದ ಮಗುವನ್ನು ಮಲಗಿಸಿ, ಆಮೇಲೆ ರಚ್ಚೆ ಹಿಡಿದವಳನ್ನು ಎತ್ತಿಕೊಳ್ಳುವುದು ಸರಿಯಾದ ಕ್ರಮ.

9. ನಿದ್ದೆಯಲ್ಲಿ ಮುಲುಗಿದರೆ ಎದ್ದಳೆಂದಲ್ಲ

ಹಸುಗೂಸಿನ ನಿದ್ದೆಯಲ್ಲಿ ಅರ್ಧದಷ್ಟು ಚಟುವಟಿಕೆಯ ನಿದ್ದೆ. ಮುಖ ಸಿಂಡರಿಸುತ್ತದೆ, ಮುಲುಗುತ್ತದೆ, ಕೈಕಾಲು ಆಡಿಸುತ್ತದೆ. ಎತ್ತಿಕೊಂಡರೆ ನಿಜಕ್ಕೂ ಎಚ್ಚರವಾಗುತ್ತದೆ. ಒಂದೆರಡು ನಿಮಿಷ ನೋಡಿ. ಕೈ ಬಾಯಿಗೆ ಹೋಗುತ್ತಿದ್ದರೆ, ತಲೆ ತಿರುಗಿಸಿ ಬಾಯಿಂದ ಹುಡುಕುತ್ತಿದ್ದರೆ ಅದು ಹಸಿವು. ಅಳುವುದು ಹಸಿವಿನ ಕೊನೆಯ ಗುರುತು, ಅಲ್ಲಿಯವರೆಗೆ ಕಾಯಬಾರದು.

ಹಗಲು ರಾತ್ರಿಯ ಭೇದ ಕೂಸಿಗೆ ತಿಳಿಯಲು ಎರಡು ಮೂರು ತಿಂಗಳು ಬೇಕು. ರಾತ್ರಿಯ ಎದೆಹಾಲಿನಲ್ಲಿ ನಿದ್ದೆಗೆ ನೆರವಾಗುವ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಬಹಳ ಕಡಿಮೆ. ರಾತ್ರಿ ಸುತ್ತಿನಲ್ಲಿ ಸಣ್ಣ ದೀಪ, ಮಾತಿಲ್ಲ. ಹಗಲು ಸುತ್ತಿನಲ್ಲಿ ಕಿಟಕಿ ತೆರೆದು ಮಾತಾಡಿಸುವುದು. ಇಷ್ಟೇ ಪಾಠ.

10. ಅಳುವಿನ ತುದಿಯನ್ನು ಹುಟ್ಟಿದ ದಿನದಿಂದ ಎಣಿಸಬಾರದು

ಕಾರಣವಿಲ್ಲದ ಸಂಜೆಯ ಅಳು ಆರು ವಾರದ ಹೊತ್ತಿಗೆ ತುದಿಗೇರಿ ಆಮೇಲೆ ಇಳಿಯುತ್ತದೆ. ಬೇಗ ಹುಟ್ಟಿದ ಮಕ್ಕಳಿಗೆ ಆ ಆರು ವಾರವನ್ನು ವೈದ್ಯರು ಕೊಟ್ಟಿದ್ದ ಹೆರಿಗೆಯ ದಿನಾಂಕದಿಂದ ಎಣಿಸಬೇಕು. ನಮ್ಮ ಮಕ್ಕಳು ನಾಲ್ಕು ವಾರ ಮೊದಲೇ ಬಂದವರು, ಹಾಗಾಗಿ ತುದಿ ಬಂದದ್ದು ಹತ್ತನೇ ವಾರಕ್ಕೆ. ಇದು ಗೊತ್ತಿಲ್ಲದ ತಂದೆತಾಯಿ ಎಂಟನೇ ವಾರದಲ್ಲಿ ಅಳು ಹೆಚ್ಚಿತೆಂದು ಹಾಲು ಸಾಲದೆಂಬ ತೀರ್ಮಾನಕ್ಕೆ ಬರುತ್ತಾರೆ. ಲಂಗೋಟಿ, ತೂಕ ಸರಿಯಿದ್ದರೆ ಹಾಲು ಸಾಲುತ್ತಿದೆ. ತಾಳ್ಮೆ ಮುರಿಯುತ್ತಿದೆ ಅನಿಸಿದರೆ ಮಗುವನ್ನು ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ ನಿಲ್ಲಿ. ಎಂಥ ಸಿಟ್ಟಿನಲ್ಲೂ ಮಗುವನ್ನು ಅಲುಗಾಡಿಸಬಾರದು, ಅದರಿಂದ ಮಿದುಳಿನೊಳಗೆ ರಕ್ತಸ್ರಾವವಾಗಬಹುದು.

11. ತಾಯಿಯೇ ಮಾಡಬೇಕಾದ ಕೆಲಸ ಎರಡೇ

ಹಾಲೂಡಿಸುವುದು ಮತ್ತು ಹಾಲು ಹಿಂಡುವುದು. ಉಳಿದದ್ದೆಲ್ಲ, ಎತ್ತಿ ತರುವುದು, ಲಂಗೋಟಿ, ತೇಗಿಸುವುದು, ಒಳಲೆ, ಮಲಗಿಸುವುದು, ಬಟ್ಟೆ, ಪಾತ್ರೆ, ಬೇರೆಯವರದು. ಇದನ್ನು ಮನೆಯವರೆಲ್ಲ ಕೂತು ಒಪ್ಪಿಕೊಂಡ ದಿನದಿಂದ ನಮ್ಮ ಮನೆ ತಹಬಂದಿಗೆ ಬಂತು.

ರಾತ್ರಿಯನ್ನು ಎರಡು ಪಾಳಿ ಮಾಡಿದೆವು. ಒಂಬತ್ತರಿಂದ ಎರಡರವರೆಗೆ ಅಮ್ಮ, ಎರಡರಿಂದ ಏಳರವರೆಗೆ ತಂಗಿಯ ಗಂಡ. ಅವರ ರಜೆ ಮುಗಿದ ಮೇಲೆ ಆ ಪಾಳಿ ನನ್ನದು, ಶುಕ್ರವಾರ ರಾತ್ರಿ ಅವರು ಬೆಂಗಳೂರಿನಿಂದ ಬಂದರೆ ಮತ್ತೆ ಅವರದು. ಪಾಳಿಯಲ್ಲಿ ಇಲ್ಲದವರು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ ಮಲಗಬೇಕು. ಎಲ್ಲರೂ ಎದ್ದು ಕೂತರೆ ಬೆಳಗ್ಗೆ ಎಲ್ಲರೂ ಸುಸ್ತು.

ಐದನೇ ವಾರ, ಹಾಲು ನೆಲೆನಿಂತ ಮೇಲೆ, ರಾತ್ರಿ ಹತ್ತೂವರೆಯ ಸುತ್ತನ್ನು ತಂಗಿಯಿಂದ ತೆಗೆದುಹಾಕಿದೆವು. ಆಗ ಇಬ್ಬರಿಗೂ ಸೇರಿ ಒಂದು ಸುತ್ತಿಗೆ ಸುಮಾರು 100 ಮಿ.ಲೀ. ಬೇಕಿತ್ತು. ಬೆಳಗಿನ ಹೊತ್ತು ಹಾಲು ಹೆಚ್ಚು. ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ನಾಲ್ಕು ಸುತ್ತಿನ ನಂತರ 25–30 ಮಿ.ಲೀ.ನಂತೆ ಹಿಂಡಿ ಫ್ರಿಜ್ಜಿಗೆ ಸೇರಿಸಿದರೆ ಅಷ್ಟಾಗುತ್ತಿತ್ತು. ಏಳೂವರೆಗೆ ಹಾಲೂಡಿಸಿ ಎಂಟೂವರೆಗೆ ಮಲಗಿದ ತಂಗಿಯನ್ನು ಎಬ್ಬಿಸುತ್ತಿದ್ದುದು ಒಂದು ಗಂಟೆಗೆ. ಒಂದೇ ಸಮನೆ ನಾಲ್ಕೂವರೆ ಗಂಟೆ ನಿದ್ದೆ. ಮೊದಲ ಸಲ ಹಾಗೆ ಮಲಗಿ ಎದ್ದ ಬೆಳಗ್ಗೆ ಅವಳು ತಾನಾಗಿ ಉಪ್ಪಿಟ್ಟು ಕೇಳಿದಳು. ಐದು ವಾರದಲ್ಲಿ ಅವಳು ಏನನ್ನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು. ಆದರೆ ಮೊದಲ ವಾರಗಳಲ್ಲಿ ಹೀಗೆ ಸುತ್ತು ತಪ್ಪಿಸಬಾರದು, ಎದೆ ಕಟ್ಟಿಕೊಳ್ಳುತ್ತದೆ, ಹಾಲು ಕುಗ್ಗುತ್ತದೆ.

12. ಅಡುಗೆಮನೆ ಗೋಡೆಯ ಹಾಳೆ ಎರಡು ಸಲ ಔಷಧಿ ಹಾಕುವುದನ್ನು ತಪ್ಪಿಸುತ್ತದೆ

ಕಡಿಮೆ ತೂಕದ ಮಕ್ಕಳಿಗೆ ವೈದ್ಯರು ವಿಟಮಿನ್ ಡಿ ಹನಿ, ಮುಂದೆ ಕಬ್ಬಿಣದ ಹನಿ ಬರೆದುಕೊಡುತ್ತಾರೆ. ಅಜ್ಜಿ ಹಾಕಿದ್ದು ಅಪ್ಪನಿಗೆ ಗೊತ್ತಿಲ್ಲದೆ ಒಬ್ಬಳಿಗೆ ಎರಡು ಸಲ, ಇನ್ನೊಬ್ಬಳಿಗೆ ಇಲ್ಲವೇ ಇಲ್ಲ ಎಂದಾಗುವುದು ಅವಳಿ ಮನೆಯಲ್ಲಿ ಸುಲಭ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಪೆನ್ನು ದಾರದಲ್ಲಿ ತೂಗುಹಾಕಿದೆವು. ಒಂದು ಸಾಲು ಹೀಗಿತ್ತು: "ರಾ. 1.10 – ದೊ: ಎಡ, 20 ನಿ., ಒದ್ದೆ. ಚಿ: ಬಲ, 15 ನಿ., ಒಳಲೆ 15, ಒದ್ದೆ, ಕಕ್ಕ." ಪಾಳಿ ಬದಲಾಗುವಾಗ ಯಾರನ್ನೂ ಎಬ್ಬಿಸಿ ಕೇಳಬೇಕಿರಲಿಲ್ಲ. ಒಂದೇ ಮುಖದ ಅವಳಿಗಳಾದರೆ ಒಬ್ಬರ ಕಾಲಿನ ಹೆಬ್ಬೆರಳಿಗೆ ಉಗುರು ಬಣ್ಣ ಹಚ್ಚಿ. ಕೈಗೆ ದಾರ ಕಟ್ಟಿದರೆ ಕೈ ತುಂಬಿಕೊಂಡಂತೆ ಬಿಗಿಯುತ್ತದೆ.

13. ಬಾಣಂತಿಗೆ ನೀರು ಬೇಕು

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ನೀರು ಅಳೆದು ಕೊಡುತ್ತಾರೆ. ಹಾಲೂಡಿಸುವ ತಾಯಿಗೆ ಬಾಯಾರಿಕೆಯಾದಷ್ಟೂ ನೀರು ಕೊಡಬೇಕು, ಇಲ್ಲದಿದ್ದರೆ ಮಲಬದ್ಧತೆ, ಉರಿಮೂತ್ರ, ಸುಸ್ತು. ಒಂದು ಮಗುವಿಗೆ ಹಾಲೂಡಿಸುವವಳಿಗೇ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಇಬ್ಬರಿಗೆಂದರೆ ಅದಕ್ಕಿಂತ ಹೆಚ್ಚು. ಪ್ರತಿ ಸುತ್ತಿಗೂ ಪಕ್ಕದಲ್ಲಿ ಒಂದು ಚೊಂಬು ನೀರು, ತಿನ್ನಲು ಏನಾದರೂ ಇಡುವುದು ಪಾಳಿಯವರ ಕೆಲಸ.

ಮಕ್ಕಳು ಮಲಗಿದ್ದರೂ ನಿದ್ದೆ ಬಾರದಿದ್ದರೆ, ಕಾರಣವಿಲ್ಲದ ಅಳು, ಯಾವುದೂ ಬೇಡವೆನ್ನುವ ಮಂಕು ಎರಡು ವಾರ ದಾಟಿದರೆ ಅದು ಖಿನ್ನತೆಯಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಅದು ಉಚಿತ.

14. ಈ ಗುರುತು ಕಂಡರೆ ಮುಂದಿನ ಸುತ್ತಿಗೆ ಕಾಯಬೇಡಿ

ಎಬ್ಬಿಸಿದರೂ ಏಳದೆ ಹಾಲು ಬಿಟ್ಟ ಮಗು, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಉಸಿರೆಳೆದಾಗ ಎದೆಗೂಡು ಒಳಕ್ಕೆ ಎಳೆಯುವುದು, ಹೊಟ್ಟೆ ಪಾದ ಎರಡೂ ತಣ್ಣಗಿರುವುದು ಅಥವಾ ಜ್ವರ, ಅಂಗೈ ಅಂಗಾಲಿಗೂ ಇಳಿದ ಹಳದಿ ಬಣ್ಣ. ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ. ಒಬ್ಬಳು ಚೆನ್ನಾಗಿದ್ದಾಳೆ ಎಂಬುದು ಇನ್ನೊಬ್ಬಳಿಗೆ ಭರವಸೆಯಲ್ಲ.

ಕೊನೆಯದಾಗಿ ಒಂದು ಕೋರಿಕೆ. ಅವಳಿ ಮಕ್ಕಳನ್ನು ನೋಡಲು ಹೋಗುವವರು ಹತ್ತು ನಿಮಿಷಕ್ಕೆ ಹೋಗಿ ಕಾಫಿ ಮಾಡಿಸಿಕೊಂಡು ಬರಬೇಡಿ. ನೆಗಡಿ ಜ್ವರ ಇಲ್ಲದಿದ್ದರೆ ಮೂರು ಗಂಟೆ ಇರುವಂತೆ ಹೋಗಿ. ಕೈ ತೊಳೆದು ಒಂದು ಸುತ್ತನ್ನು ಪೂರ್ತಿ ನಿಮ್ಮದಾಗಿ ಮಾಡಿಕೊಳ್ಳಿ: ಲಂಗೋಟಿ ಬದಲಿಸಿ, ಮಗುವನ್ನು ತಾಯಿಯ ಕೈಗೆ ಕೊಡಿ, ತೇಗಿಸಿ ಮಲಗಿಸಿ, ಬಕೆಟ್ಟಿನ ಬಟ್ಟೆ ಹಿಂಡಿ ಒಣಹಾಕಿ, ಗೋಡೆಯ ಹಾಳೆಯಲ್ಲಿ ಬರೆದು ಬನ್ನಿ. ಅಷ್ಟರಲ್ಲಿ ತಾಯಿ ಎರಡು ಗಂಟೆ ಮಲಗಿ ಎದ್ದಿರುತ್ತಾಳೆ.